12 ಬೈ 10 ರೂಮಲ್ಲಿ ಮಾನಿಟರ್ ಎಲ್ಲಿಡೋದು, ಗೋಡೆಗೆ ಏನು ಹಾಕೋದು

ಪ್ರಶ್ನೆ: ಸರ್, ನಮ್ದು ದಾವಣಗೆರೆ, ನಿಟ್ಟುವಳ್ಳಿ. ಮನೆ ಮೇಲಿನ 12 ಬೈ 10 ರೂಮಲ್ಲಿ ಜಾನಪದ ಸಾಂಗ್ ಮಿಕ್ಸ್ ಮಾಡ್ತೀನಿ, ಹೈಟೂ 10 ಅಡಿ, ಆರ್‌ಸಿಸಿ. 5 ಇಂಚಿನ ಮಾನಿಟರ್ ಸ್ಪೀಕರ್ ಎರಡು, ಹಿಂದೆ ಗಾಳಿ ಆಡೋ ಪೋರ್ಟ್ ಇರೋವು. ಯಾವ್ದೋ ವಿಡಿಯೋದಲ್ಲಿ ಹೇಳಿದ್ರು ಅಂತ 10 ಅಡಿ ಗೋಡೆಯಿಂದ 3 ಅಡಿ ಮುಂದಕ್ಕೆ ತಂದು ಇಟ್ಟಿದೀನಿ, ನಾನು ಹೆಚ್ಚುಕಮ್ಮಿ ರೂಮ್ ನಡುವೆ ಕೂರ್ತೀನಿ. ಡೊಳ್ಳು, ಬೇಸ್ ಎರಡೂ ಇಲ್ಲಿ ತೆಳ್ಳಗೆ ಕೇಳುತ್ತೆ, ಅದೇ ಮಿಕ್ಸ್ ಕಾರಲ್ಲಿ ಹಾಕಿದ್ರೆ ಗುಂಯ್ ಅಂತ ಹಾಡಿನ ಮಾತೇ ಕೇಳಲ್ಲ. ಸಬ್‌ವೂಫರ್ ತಗೋಬೇಕಾ? ಗೋಡೆಗೆಲ್ಲಾ ಫೋಮ್ ಅಂಟಿಸಿದ್ರೆ ಸರಿಹೋಗುತ್ತಾ? ಎಡಗಡೆ ಕಿಟಕಿ, ಹಿಂದಿನ ಮೂಲೇಲಿ ಬಾಗಿಲು, ಇನ್ನೊಂದು ಮೂಲೇಲಿ ಬೀರು, ಹಿಂದಿನ ಗೋಡೆ ಮೇಲೆ ಸಜ್ಜಾ ಐತೆ.

ಉತ್ತರ: ಸಬ್‌ವೂಫರ್ ಬೇಡ, ಫೋಮ್ ಸದ್ಯಕ್ಕಂತೂ ಬೇಡವೇ ಬೇಡ. ನಿಮ್ಮ ಸ್ಪೀಕರ್ ಸರಿಯಾಗೇ ಇರೋ ಹಂಗೆ ಕಾಣುತ್ತೆ. ನೀವು ಸ್ಪೀಕರ್ ಇಟ್ಟಿರೋ ಜಾಗ, ಕೂತಿರೋ ಜಾಗ ಎರಡೂ ಸೇರಿ ಬೇಸನ್ನ ನುಂಗ್ತಾ ಇದಾವೆ, ಅದು ಕಡಿಮೆ ಅನ್ಸಿ ನೀವು ಈಕ್ಯೂನಲ್ಲಿ ಎತ್ತುತೀರಿ, ಕಾರಲ್ಲಿ ಆ ಎತ್ತಿದ್ದೆಲ್ಲಾ ಒಟ್ಟಿಗೆ ಬಂದು ಗುಂಯ್ ಅನ್ನುತ್ತೆ. ಇದು ಊಹೆ ಅಲ್ಲ, ನೀವು ಕೊಟ್ಟಿರೋ ಅಳತೆ ಇಟ್ಕೊಂಡು ಕಾಗದದ ಮೇಲೇ ಲೆಕ್ಕ ಹಾಕಿ ತೋರಿಸ್ಬಹುದು, ಸ್ವಲ್ಪ ತಾಳ್ಮೆ ಇಟ್ಟು ಓದ್ರಿ.

ಸೌಂಡು ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತೆ. ಎದುರುಬದುರು ಇರೋ ಎರಡು ಗಟ್ಟಿ ಗೋಡೆ ನಡುವೆ ಅದು ಹೋಗಿ ಬಂದು ಮಾಡುವಾಗ ಕೆಲವು ಫ್ರೀಕ್ವೆನ್ಸಿ ಅಲ್ಲೇ ಕಟ್ಕೊಂಡು ನಿಂತುಬಿಡ್ತಾವೆ, ಇದಕ್ಕೆ ರೂಮ್ ಮೋಡ್ ಅಂತಾರೆ. ಮೊದಲನೇದು ಎಲ್ಲಿ ಬರುತ್ತೆ ಅಂತ ತಿಳಿಯೋಕೆ 1130ನ್ನ ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದ್ರೆ ಸಾಕು. ನಿಮ್ಮ 12 ಅಡಿ ಉದ್ದಕ್ಕೆ 47 ಹರ್ಟ್ಝ್, ಅದರ ಡಬಲ್ 94. ಅಗಲ 10 ಅಡಿಗೆ 56, ಅದರ ಡಬಲ್ 113. ಹೈಟೂ 10 ಅಡಿ ಅಂದ್ರಲ್ಲಾ, ಅಲ್ಲಿಗೆ ಮತ್ತೆ ಅದೇ 56, ಅದೇ 113. ನಮ್ಮ ಕಡೆ ಮನೆ ಕಟ್ಟೋರು 10 ಅಡಿ ಅಗಲದ ರೂಮಿಗೆ 10 ಅಡಿಗೇ ಸ್ಲ್ಯಾಬ್ ಹಾಕಿರೋದು ಬಹಳ ಸಾಮಾನ್ಯ, ವಾಸಕ್ಕೆ ಏನೂ ತೊಂದ್ರೆ ಇಲ್ಲ, ಮಿಕ್ಸಿಂಗಿಗೆ ಮಾತ್ರ ಎರಡು ದಿಕ್ಕಿನ ತೊಂದ್ರೆ ಒಂದೇ ಸ್ವರದ ಮೇಲೆ ಬಂದು ಕೂರುತ್ತೆ. ಬೇಸ್ ಗಿಟಾರಲ್ಲಿ ಎ ತಂತಿ ಬಿಟ್ಟು ನುಡಿಸಿದ್ರೆ 55 ಹರ್ಟ್ಝ್, ಜಿ ತಂತಿ 98. ಅಂದ್ರೆ ನಿಮ್ಮ ರೂಮು ಕೈ ಹಾಕಿರೋದು ಯಾವುದೋ ಮೂಲೇಲಿರೋ ಫ್ರೀಕ್ವೆನ್ಸಿಗೆ ಅಲ್ಲ, ಬೇಸ್ ಲೈನು, ಡೊಳ್ಳಿನ ಹೊಟ್ಟೆ ಇರೋ ಸೀಮೇಗೇ.

ಈಗ ಕೂತಿರೋ ಜಾಗ ನೋಡ್ರಿ. ಮೊದಲನೇ ಮೋಡು ಗೋಡೆ ಹತ್ರ ಜೋರಾಗಿ ಇರುತ್ತೆ, ಸರಿಯಾಗಿ ನಡುಮಧ್ಯ ಸೊನ್ನೆ. ನೀವು 12 ಅಡಿ ರೂಮಲ್ಲಿ 6 ಅಡಿಗೆ ಕೂತಿದೀರಿ, ಹಂಗಾಗಿ 47 ನಿಮ್ಮ ಕಿವಿಗೆ ಇಲ್ಲ. ಅಗಲದಲ್ಲಿ ನಡುವೆ ಕೂರಲೇಬೇಕು, ಇಲ್ಲಾಂದ್ರೆ ಸ್ಟೀರಿಯೋ ಕೆಡುತ್ತೆ, ಆದ್ರೆ ಅಲ್ಲಿ 56 ಸಿಗಲ್ಲ. ಹೈಟಲ್ಲಿ ಕೂತಾಗ ಕಿವಿ ಸುಮಾರು 4 ಅಡಿಗೆ ಬರುತ್ತೆ, 10 ಅಡಿಗೆ ಅದೂ ನಡುವಿನ ಹತ್ರಾನೇ, ಅಲ್ಲೂ 56 ಸೊರಗಿರುತ್ತೆ. ಮೂರೂ ದಿಕ್ಕಿಂದ ರೂಮಿನ ಹೊಕ್ಕಳಲ್ಲಿ ಕೂತಂಗೆ ಆಯ್ತು. 5 ಇಂಚಿನ ವೂಫರ್ ಹೆಂಗೂ 50ರ ಆಸುಪಾಸಲ್ಲಿ ಇಳಿಜಾರು ಹಿಡಿದಿರುತ್ತೆ, ಅದರ ಮೇಲೆ ಇದು.

ಇಷ್ಟೇ ಆಗಿದ್ರೆ 94 ಆದ್ರೂ ಚೆನ್ನಾಗಿ ಕೇಳ್ಬೇಕಿತ್ತು, ಯಾಕಂದ್ರೆ ಎರಡನೇ ಮೋಡು ನಡುವೆ ಜೋರು. ಅದನ್ನ ಕೆಡಿಸಿರೋದು ನಿಮ್ಮ 3 ಅಡಿ. ಬೇಸ್ ಸೌಂಡು ಸ್ಪೀಕರಿನ ಮುಂದಕ್ಕೆ ಮಾತ್ರ ಹೋಗಲ್ಲ, ಸುತ್ತಲೂ ಹರಡುತ್ತೆ, ಹಿಂದಕ್ಕೂ ಅಷ್ಟೇ ಹೋಗುತ್ತೆ. 94 ಹರ್ಟ್ಝಿನ ಒಂದು ಅಲೆ 12 ಅಡಿ ಉದ್ದ. ಅದು ಸ್ಪೀಕರಿಂದ 3 ಅಡಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿದು ಮತ್ತೆ 3 ಅಡಿ ಬರುವಷ್ಟರಲ್ಲಿ 6 ಅಡಿ ಆಯ್ತು, ಅಂದ್ರೆ ಸರಿಯಾಗಿ ಅರ್ಧ ಅಲೆ. ವಾಪಸ್ ಬಂದಾಗ ಉಲ್ಟಾ ಆಗಿ ಬಂದು ನೇರ ಬರೋ ಸೌಂಡನ್ನ ಅಳಿಸಿಬಿಡುತ್ತೆ. ಇದನ್ನೇ ಮೋಡಿನ ಲೆಕ್ಕದಲ್ಲಿ ನೋಡಿದ್ರೂ ಅಷ್ಟೇ, 3 ಅಡಿ ಅನ್ನೋದು ನಿಮ್ಮ ರೂಮಿನ ಕಾಲು ಭಾಗ, ಎರಡನೇ ಮೋಡು ಸೊನ್ನೆ ಇರೋ ಜಾಗ, ಅಲ್ಲಿ ಸ್ಪೀಕರ್ ಇಟ್ಟು 94ನ್ನ ಎಬ್ಬಿಸೋಕೆ ಹೋಗೋದು ಸೀಸಾ ಹಲಗೆಯ ನಡುಮಧ್ಯ ನಿಂತು ತುಳಿದಂಗೆ. ಆ ವಿಡಿಯೋದಲ್ಲಿ ಹೇಳಿದ್ದು ದೊಡ್ಡ ಹಾಲಿಗೆ ಸರಿ ಇರ್ಬಹುದು, ಅಲ್ಲಿ 7-8 ಅಡಿ ಬಿಡೋಕೆ ಜಾಗ ಇರುತ್ತೆ, ಆಗ ಹಿಂಗೆ ಸೌಂಡು ಅಳಿಸಿಹೋಗಿ ಬೀಳೋ ಹೊಂಡ ಬೇಸಿಗಿಂತ ಕೆಳಗೆ ಇಳಿದು ಹೋಗುತ್ತೆ. ಸಣ್ಣ ರೂಮಲ್ಲಿ 2ರಿಂದ 5 ಅಡಿ ಬಿಡೋದು ಅತ್ಯಂತ ಕೆಟ್ಟ ಆಯ್ಕೆ, ಹೊಂಡ ಸರಿಯಾಗಿ ಡೊಳ್ಳಿನ ಮೇಲೇ ಬೀಳುತ್ತೆ.

ನನ್ನ ಮಾತು ನಂಬೋ ಮುಂಚೆ ಒಂದು ಪರೀಕ್ಷೆ ಮಾಡ್ರಿ, ಮೈಕು ಏನೂ ಬೇಡ. ಒಂದು ಸ್ಪೀಕರ್ ಆಫ್ ಮಾಡಿ, ಇನ್ನೊಂದನ್ನ ತಗೊಂಡು ಮುಂದಿನ ಮೂಲೇಲಿ, ಗೋಡೆಗೆ ಹತ್ರ ಇಡ್ರಿ. ನಿಮ್ಮ ಸಾಫ್ಟ್‌ವೇರಲ್ಲಿ ಟೋನ್ ಜನರೇಟರ್ ಇರುತ್ತೆ, 94 ಹರ್ಟ್ಝ್ ಸೈನ್ ಟೋನ್ ಹಾಕ್ರಿ, ಮಾತಾಡೋ ಮಟ್ಟಕ್ಕಿಂತ ಜೋರು ಬೇಡ, ಸೈನ್ ಟೋನ್ ಜೋರಾಗಿ ಬಿಟ್ರೆ ವೂಫರಿಗೂ ಒಳ್ಳೇದಲ್ಲ. ಈಗ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತು ಕೇಳ್ರಿ, ಗುಂಯ್ ಅಂತಿರುತ್ತೆ. ಹಂಗೇ ನಿಧಾನಕ್ಕೆ ಮುಂದೆ ನಡೀರಿ. 3 ಅಡಿ ಬರೋಷ್ಟೊತ್ತಿಗೆ ಯಾರೋ ವಾಲ್ಯೂಮ್ ಇಳಿಸಿದಂಗೆ ಆಗುತ್ತೆ, ರೂಮ್ ನಡುವೆ ಬಂದಾಗ ಮತ್ತೆ ತುಂಬ್ಕೊಳ್ಳುತ್ತೆ, ಮುಂದಿನ ಗೋಡೆಗೆ 3 ಅಡಿ ಇದ್ದಾಗ ಮತ್ತೆ ಮಾಯ. ಸೌಂಡು ಒಂದೇ, ಸ್ಪೀಕರ್ ಒಂದೇ, ಬದಲಾಗಿದ್ದು ನೀವು ನಿಂತ ಜಾಗ ಮಾತ್ರ. ಇದನ್ನ ಒಂದು ಸಲ ಕಿವಿಯಾರೆ ಕೇಳಿದೋರು ಆಮೇಲೆ ಸಬ್‌ವೂಫರ್ ಮಾತು ಎತ್ತಲ್ಲ, ಯಾಕಂದ್ರೆ ಸಬ್ ತಂದ್ರೂ ಇದೇ ರೂಮಲ್ಲೇ ಇಡ್ಬೇಕಲ್ಲಾ.

ಜಾಗ ಬದಲಾಯಿಸೋದಕ್ಕೆ ಬರೋಣ. ಮುಖ ಈಗಿರೋ ಕಡೆಗೇ ಇರ್ಲಿ, 10 ಅಡಿ ಗೋಡೆ ಎದುರಿಗೆ, ಉದ್ದ ಬೆನ್ನ ಹಿಂದೆ ಹೋಗ್ಬೇಕು, ಅದು ಸರಿಯಾಗೇ ಐತೆ. ಸ್ಪೀಕರನ್ನ ಹಿಂದಕ್ಕೆ ತಳ್ರಿ, ಅದರ ಮುಂಭಾಗ, ಅಂದ್ರೆ ವೂಫರ್ ಇರೋ ಮುಖ, ಗೋಡೆಯಿಂದ ಸುಮಾರು 14 ಇಂಚಿಗೆ ಬರ್ಲಿ. 5 ಇಂಚಿನ ಮಾನಿಟರಿನ ಡಬ್ಬ ಸಾಮಾನ್ಯವಾಗಿ 9-10 ಇಂಚು ಆಳ ಇರುತ್ತೆ, ಹಂಗಾದ್ರೆ ಹಿಂದಿನ ಪೋರ್ಟಿಗೆ 4 ಇಂಚು ಉಸಿರಾಡೋಕೆ ಜಾಗ ಉಳೀತು, ಸಾಕು. ಹಿಂಗೆ ಮಾಡಿದಾಗ ಗೋಡೆಯಿಂದ ಆಗೋ ಹೊಂಡ 94ರಿಂದ ಎದ್ದು 240ರ ಹತ್ರಕ್ಕೆ ಹೋಗುತ್ತೆ. ಹೊಂಡ ಹೋಗ್ಲಿಲ್ಲವಲ್ಲ, ಮೇಲಕ್ಕೆ ಹೋಯ್ತು ಅಷ್ಟೇ ಅಂತೀರಾ? ಹೌದು, ಆದ್ರೆ 240ನ್ನ 4 ಇಂಚಿನ ಪ್ಯಾನೆಲ್ ಹೀರ್ಕೊಳ್ಳುತ್ತೆ, 94ನ್ನ ಹೀರೋದು ಬಹಳ ಕಷ್ಟ. ಗೆಲ್ಲೋಕೆ ಆಗೋ ಜಾಗಕ್ಕೆ ಜಗಳ ಎಳ್ಕೊಂಡು ಬಂದ್ವಿ.

ಎರಡು ಸ್ಪೀಕರ್ ನಡುವೆ 4 ಅಡಿ, ಟ್ವೀಟರಿಂದ ಟ್ವೀಟರಿಗೆ ಟೇಪ್ ಹಿಡಿದು ಅಳೀರಿ, ಆಗ ಎರಡೂ ಕಡೆ ಪಕ್ಕದ ಗೋಡೆಗೆ 3-3 ಅಡಿ ಉಳಿಯುತ್ತೆ. ಎರಡೂ ಕಡೆ ಒಂದೇ ಇರ್ಬೇಕು, ಇಂಚು ಹಿಂದೆಮುಂದೆ ಆದ್ರೂ ಹಾಡುಗಾರನ ದನಿ ನಡುವಿಂದ ಜರುಗುತ್ತೆ. ನಿಮ್ಮ ತಲೆಯೂ ಎರಡೂ ಸ್ಪೀಕರಿಂದ 4 ಅಡಿಗೇ ಇರ್ಲಿ, ಸಮಬಾಹು ತ್ರಿಕೋನ. ಈ ಲೆಕ್ಕದಲ್ಲಿ ತಲೆ ಮುಂದಿನ ಗೋಡೆಯಿಂದ ಸುಮಾರು 4 ಅಡಿ 8 ಇಂಚಿಗೆ ಬರುತ್ತೆ, ಅಂದ್ರೆ ರೂಮಿನ ಉದ್ದದ ಶೇಕಡ 38-39. ಸಣ್ಣ ರೂಮಿಗೆ 38 ಪರ್ಸೆಂಟ್ ಅಂತ ಒಂದು ಲೆಕ್ಕ ಓಡಾಡುತ್ತಲ್ಲ, ಅದು ಇದೇ. ಅದು ಶಾಸನ ಏನಲ್ಲ, ನಡುಮಧ್ಯಾನೂ ಬೇಡ, ಕಾಲು ಭಾಗಾನೂ ಬೇಡ ಅನ್ನೋದಕ್ಕೆ ಒಂದು ಒಳ್ಳೆ ಶುರು ಅಷ್ಟೇ. ಅಲ್ಲಿಂದ ಅರ್ಧ ಅಡಿ ಆಕಡೆ ಈಕಡೆ ಕಿವಿ ಹೇಳಿದಂಗೆ ಹೋಗ್ಬಹುದು.

ಹೈಟು: ಟ್ವೀಟರ್ ಕಿವಿ ಮಟ್ಟಕ್ಕೆ. ಕುರ್ಚೀಲಿ ಕೂತು ಯಾರಾದ್ರೂ ಅಳೀಲಿ, ಬಹಳಷ್ಟು ಜನಕ್ಕೆ 4 ಅಡಿ ಆಸುಪಾಸು ಬರುತ್ತೆ. ಸ್ಪೀಕರ್ ನಿಲ್ಲಿಸಿಯೇ ಇಡ್ರಿ, ಮಲಗಿಸ್ಬೇಡಿ. ಮುಖ ಸ್ವಲ್ಪ ಒಳಕ್ಕೆ ತಿರುಗಿಸಿ, ಎರಡರ ಗೆರೆಯೂ ನಿಮ್ಮ ತಲೆ ಹಿಂದೆ ಒಂದು ಗೇಣು ದೂರದಲ್ಲಿ ಸೇರಂಗೆ ಇರ್ಲಿ. ಟೇಬಲ್ ಮೇಲೆ ಇಡೋದಕ್ಕಿಂತ ಟೇಬಲ್ ಹಿಂದೆ ಬೇರೆ ಸ್ಟ್ಯಾಂಡ್ ಹಾಕೋದು ಒಳ್ಳೇದು, ಯಾಕಂದ್ರೆ ಟೇಬಲ್ ಹಲಗೆಗೆ ಬಡಿದು ಬರೋ ಸೌಂಡು ನೇರ ಸೌಂಡಿಗಿಂತ ಹತ್ರತ್ರ ಒಂದು ಅಡಿ ಸುತ್ತಿ ಬರುತ್ತೆ, ಅದು 500-600 ಹರ್ಟ್ಝ್ ಹತ್ರ ದನಿಯನ್ನ ಕೊರೆಯುತ್ತೆ, ಹಾಡಿನ ದನಿ ಡಬ್ಬದೊಳಗಿಂದ ಬಂದಂಗೆ ಆಗುತ್ತೆ. ಗ್ರಿಲ್ ವೆಲ್ಡಿಂಗ್ ಮಾಡೋರ ಹತ್ರ ದಪ್ಪ ಚೌಕದ ಪೈಪಲ್ಲಿ 40 ಇಂಚಿನ ಸ್ಟ್ಯಾಂಡ್ ಎರಡು ಹೇಳಿ ಮಾಡಿಸ್ರಿ, ಕೆಳಗೆ ಅಗಲದ ತಗಡು, ಪೈಪಿನೊಳಗೆ ಒಣಗಿದ ಮರಳು ತುಂಬಿಸಿ ಮುಚ್ಚಿಸ್ರಿ, ಖಾಲಿ ಬಿಟ್ರೆ ಪೈಪೇ ಗಂಟೆ ಥರ ಹಾಡುತ್ತೆ. ಸ್ಪೀಕರ್ ಕೆಳಗೆ ಒಂದು ರಬ್ಬರ್ ಶೀಟ್ ತುಂಡು ಹಾಕಿದ್ರೆ ಆಯ್ತು. ಟೇಬಲ್ಲೂ ಆದಷ್ಟು ಚಿಕ್ಕದಿರ್ಲಿ, ತಗ್ಗಿರ್ಲಿ.

ಇಷ್ಟು ಮಾಡಿದ ದಿನ ಏನಾಗುತ್ತೆ ಅಂತ ಈಗ್ಲೇ ಹೇಳ್ತೀನಿ, ಇಲ್ಲಾಂದ್ರೆ ಗಾಬರಿ ಆಗ್ತೀರಿ. ಬೇಸು ಎಷ್ಟು ಬರುತ್ತೆ ಅಂದ್ರೆ ಈ ಸಲ ಜಾಸ್ತಿ ಅನ್ಸುತ್ತೆ. ಗೋಡೆ ಹತ್ರ ಹೋದ ಸ್ಪೀಕರಿಗೆ ಗೋಡೆಯೇ ಬೇಸ್ ಎತ್ತಿಕೊಡುತ್ತೆ, ಜೊತೆಗೆ 94ರ ಮೋಡು ಈಗ ಚೆನ್ನಾಗಿ ಎಬ್ಬಿಸ್ಕೊಳ್ಳುತ್ತೆ. ಇದಕ್ಕೇ ಅಂತ ಮಾನಿಟರ್ ಹಿಂದೆ ಸ್ವಿಚ್ ಇರುತ್ತೆ, ಒಂದೊಂದು ಕಂಪನಿ ಒಂದೊಂದು ಹೆಸರು ಕೊಟ್ಟಿರುತ್ತೆ, ರೂಮ್ ಕಂಟ್ರೋಲ್, ಬೌಂಡರಿ, ಅಕೌಸ್ಟಿಕ್ ಸ್ಪೇಸ್ ಅಂತೆಲ್ಲಾ, ಮೈನಸ್ 2, ಮೈನಸ್ 4 ಅಂತ ಬರೆದಿರುತ್ತೆ. ಮೊದಲು ಮೈನಸ್ 2ಕ್ಕೆ ಹಾಕಿ ಕೇಳ್ರಿ, ಇನ್ನೂ ಭಾರ ಇದ್ರೆ ಮುಂದಿನದು. ಆಮೇಲೂ ಒಂದು ಸ್ವರ ಮಾತ್ರ ಉಬ್ಬಿ ನಿಂತ್ರೆ ಅದು ಮೋಡು, ಸ್ವಿಚ್ಚಿಗೆ ಬಗ್ಗಲ್ಲ, ಅದಕ್ಕೆ ಮೂಲೇಲಿಟ್ಟು ಬೇಸ್ ಹೀರೋ ಟ್ರ್ಯಾಪ್ ಬೇಕು, ಆ ಮಾತು ಕೆಳಗೆ ಬರುತ್ತೆ.

ಉಬ್ಬಿದ್ದು ಯಾವುದು, ಕಾಣೆಯಾಗಿದ್ದು ಯಾವುದು ಅಂತ ಗೊತ್ತಾಗೋಕೆ ಕೂತ ಜಾಗದಿಂದ ಏಳದೆ ಕೀಬೋರ್ಡಲ್ಲಿ ಸೈನ್ ದನಿ ಇಟ್ಕೊಂಡು 50 ಹರ್ಟ್ಝಿಂದ 200ರ ತನಕ ಒಂದೊಂದೇ ಸ್ವರ ಒಂದೇ ಒತ್ತಡದಲ್ಲಿ ಒತ್ತುತಾ ಹೋಗ್ರಿ, ಕರಿ ಕೀ ಬಿಡಬೇಡಿ. ಒಂದು ನೋಟ್‌ಬುಕ್ಕಲ್ಲಿ ಜೋರು, ಸರಿ, ಇಲ್ಲ ಅಂತ ಮೂರೇ ಮಾತಲ್ಲಿ ಬರ್ಕೊಳ್ರಿ. ಸ್ಪೀಕರ್ ಜರುಗಿಸೋ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಪ್ಯಾನೆಲ್ ಹಾಕಿದ್ಮೇಲೆ ಒಂದು ಸಲ. ಮೆಷರ್ಮೆಂಟ್ ಮೈಕ್ ಸಿಕ್ಕಿದ್ರೆ REW ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗುತ್ತೆ, 20ರಿಂದ 300ರ ತನಕ ಸ್ವೀಪ್ ಮಾಡಿ ಗ್ರಾಫ್ ನೋಡ್ಬಹುದು, ಆದ್ರೆ ಅದಿಲ್ಲ ಅಂತ ಕೆಲಸ ನಿಲ್ಲಿಸೋದು ಬೇಡ.

ಇನ್ನು ಗೋಡೆ. ಫೋಮ್ ಯಾಕೆ ಬೇಡ ಅಂದೆ ಅಂದ್ರೆ, ಅಂಗಡೀಲಿ ಸಿಗೋ ಪಿರಮಿಡ್ ಪಿರಮಿಡ್ ಇರೋ ಫೋಮು ಒಂದು ಇಂಚು, ಹೆಚ್ಚಂದ್ರೆ ಎರಡು ಇಂಚು. ಅದು ಹೀರೋದು ಮೇಲಿನ ಫ್ರೀಕ್ವೆನ್ಸಿ ಮಾತ್ರ, ತಾಳದ ಚಿಣ್‌ಚಿಣ್, ಹಾಡಿನ ಸ ಶ ಅಕ್ಷರದ ಹೊಳಪು. 94 ಹರ್ಟ್ಝಿನ 12 ಅಡಿ ಅಲೆಗೆ ಒಂದು ಇಂಚಿನ ಫೋಮು ಇದೆ ಅಂತಾನೂ ಗೊತ್ತಾಗಲ್ಲ. ಗೋಡೆ ತುಂಬಾ ಅಂಟಿಸಿದ್ರೆ ಮೇಲಿಂದೆಲ್ಲಾ ಸತ್ತು ಕೆಳಗಿಂದು ಹಂಗೇ ಉಳಿದು ರೂಮು ಇನ್ನೂ ಗುಮ್ಮೆನ್ನುತ್ತೆ, ಆಗ ನೀವು ಮಿಕ್ಸಲ್ಲಿ ಟ್ರೆಬಲ್ ಎತ್ತೋಕೆ ಶುರು ಮಾಡ್ತೀರಿ. ಜನ ಮೋಸ ಹೋಗೋದು ಚಪ್ಪಾಳೆ ಪರೀಕ್ಷೆಯಲ್ಲಿ. ಖಾಲಿ ರೂಮಲ್ಲಿ ಚಪ್ಪಾಳೆ ತಟ್ಟಿದ್ರೆ ಟ್ರ್‌ರ್ ಅಂತ ಬರುತ್ತಲ್ಲಾ, ಫೋಮ್ ಹಾಕಿದ ತಕ್ಷಣ ಅದು ನಿಲ್ಲುತ್ತೆ, ಓಹೋ ಸ್ಟುಡಿಯೋ ಆಯ್ತು ಅನ್ಸುತ್ತೆ. ಚಪ್ಪಾಳೆಯಲ್ಲಿ ಬೇಸೇ ಇಲ್ಲ, ಅದು ಬೇಸಿನ ಬಗ್ಗೆ ಏನು ಹೇಳೀತು? ಮೊಟ್ಟೆ ಟ್ರೇ ಬಗ್ಗೆ ಯಾರಾದ್ರೂ ಹೇಳಿದ್ರೆ ಕೇಳಿಸ್ಕೊಳ್ಳೋಕೇ ಹೋಗ್ಬೇಡಿ, ಬೆಂಕಿ ಹತ್ತಿದ್ರೆ ಧಗ್ ಅನ್ನುತ್ತೆ ಅಷ್ಟೇ.

ಬೇಕಾಗಿರೋದು ದಪ್ಪ. ರಾಕ್‌ವುಲ್ ಸ್ಲ್ಯಾಬ್, 2 ಇಂಚು ದಪ್ಪದ್ದು, 48 ಡೆನ್ಸಿಟಿ ಅಂತ ಕೇಳ್ರಿ, ಶೀಟ್ ರೂಫಿಂಗ್, ಎಸಿ ಡಕ್ಟ್, ಇನ್ಸುಲೇಷನ್ ಕೆಲಸ ಮಾಡೋರ ಹತ್ರ ವಿಚಾರಿಸಿದ್ರೆ ತರಿಸಿ ಕೊಡ್ತಾರೆ. ಎರಡೆರಡು ಸ್ಲ್ಯಾಬ್ ಜೋಡಿಸಿ 4 ಇಂಚು ಮಾಡಿ, 4 ಅಡಿ ಬೈ 2 ಅಡಿ ಮರದ ಚೌಕಟ್ಟಲ್ಲಿ ಕೂರಿಸ್ರಿ. ಚೌಕಟ್ಟಿಗೆ ಪ್ಯಾಕಿಂಗ್ ಮರ ಸಾಕು, ತೇಗ ಗೀಗ ಬೇಡ. ಹಿಂದೆ ಪ್ಲೈವುಡ್ ಹೊಡೀಬೇಡಿ, ಹಿಂದೂ ಮುಂದೂ ಬಟ್ಟೆಯೇ ಇರ್ಲಿ. ಬಟ್ಟೆ ಯಾವುದು ಅಂದ್ರೆ, ಬಾಯಿಗೆ ಒತ್ತಿ ಹಿಡಿದು ಊದ್ರಿ, ಗಾಳಿ ಸಲೀಸಾಗಿ ಆಚೆ ಹೋದ್ರೆ ಆಗುತ್ತೆ. ಹೊಸ ಗೋಣಿ ಬಟ್ಟೆ ಬಹಳ ಚೆನ್ನಾಗಿ ಆಗುತ್ತೆ, ಅದರ ಒಳಗೆ ಒಂದು ತೆಳು ಕಾಟನ್ ಬಟ್ಟೆ ಹಾಕಿದ್ರೆ ರಾಕ್‌ವುಲ್ಲಿನ ನಾರು ಹೊರಗೆ ಉದುರಲ್ಲ. ರೆಕ್ಸಿನ್ ಮಾತ್ರ ಬೇಡ. ಕೆಲಸ ಮಾಡುವಾಗ ಮಾಸ್ಕು, ಗ್ಲೌಸು, ತುಂಬು ತೋಳಿನ ಅಂಗಿ ಹಾಕ್ಕೊಳ್ರಿ, ಮೈಯೆಲ್ಲಾ ಕಡಿಯುತ್ತೆ, ಟೆರೇಸ್ ಮೇಲೆ ಮಾಡೋದು ಒಳ್ಳೇದು.

ದಾವಣಗೆರೆಯಲ್ಲಿ ಇದ್ಕೊಂಡು ಹತ್ತಿ ಆಗಲ್ವಾ ಅಂತ ಕೇಳೋರು ಬಹಳ ಜನ. ಒಂದು ಕಾಲಕ್ಕೆ ಕಾಟನ್ ಮಿಲ್ಲಿಗೆ ಹೆಸರಾದ ಊರು, ಗಾದಿ ಮಾಡೋರೂ ಇದಾರೆ, ಕೇಳೋದು ನ್ಯಾಯವೇ. ಅರಳೆ ಸೌಂಡು ಹೀರುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ನಿಲ್ಲಿಸಿದ ಪ್ಯಾನೆಲ್‌ನಲ್ಲಿ ಅದು ಕೆಲವೇ ತಿಂಗಳಲ್ಲಿ ಕೆಳಗೆ ಕುಸಿದು ಮೇಲೆ ಖಾಲಿ ಚೀಲ ಉಳಿಯುತ್ತೆ, ಗಾದಿಗೆ ಹಾಕೋ ಹಂಗೆ ಅಲ್ಲಲ್ಲಿ ಹೊಲಿಗೆ ಹಾಕ್ಬೇಕು. ಇಲಿ ಗೂಡು ಕಟ್ಟುತ್ತೆ. ಎಲ್ಲಕ್ಕಿಂತ ಮುಖ್ಯ, ರಾಕ್‌ವುಲ್ ಕಲ್ಲಿಂದ ಮಾಡಿದ್ದು, ಬೆಂಕಿ ಹತ್ತಲ್ಲ, ಅರಳೆ ಹತ್ತುತ್ತೆ. ವೈರು, ಪ್ಲಗ್ ಪಾಯಿಂಟ್, ಊದಿನಕಡ್ಡಿ ಹಚ್ಚೋ ಜಾಗ ಇವೆಲ್ಲಾ ಇರೋ ಗೋಡೆಗೆ ನಾನಂತೂ ಅರಳೆ ಹಾಕಿ ಅನ್ನಲ್ಲ.

ಎಲ್ಲಿ ಹಾಕೋದು ಅಂದ್ರೆ, ಮೊದಲು ಪಕ್ಕದ ಗೋಡೆ ಎರಡೂ. ನೀವು ಕೂತ್ಕೊಳ್ರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಚ್ಚಿ ಹಂಗೇ ಜರುಗಿಸ್ತಾ ಹೋಗ್ಲಿ, ಕನ್ನಡೀಲಿ ಸ್ಪೀಕರ್ ಎಲ್ಲಿ ಕಾಣುತ್ತೋ ಅಲ್ಲಿಂದ್ಲೇ ಸೌಂಡು ಬಡಿದು ನಿಮ್ಮ ಕಿವಿಗೆ ಬರ್ತಾ ಐತೆ. ನಿಮ್ಮ ಅಳತೆಗೆ ನಾನು ಲೆಕ್ಕ ಹಾಕಿದೆ, ಹತ್ತಿರದ ಸ್ಪೀಕರ್ ಮುಂದಿನ ಗೋಡೆಯಿಂದ ಸುಮಾರು ಎರಡೂವರೆ ಅಡಿಯಲ್ಲಿ ಕಾಣುತ್ತೆ, ಆಚೆಕಡೆ ಸ್ಪೀಕರ್ 3 ಅಡಿ 2 ಇಂಚಲ್ಲಿ. ಅಂದ್ರೆ ಮುಂದಿನ ಗೋಡೆಯಿಂದ 1 ಅಡಿ 10 ಇಂಚಿಗೆ ಶುರುವಾಗಿ 3 ಅಡಿ 10 ಇಂಚಿಗೆ ಮುಗಿಯೋ ಒಂದೇ 2 ಅಡಿ ಪ್ಯಾನೆಲ್ಲು ಎರಡನ್ನೂ ಮುಚ್ಚುತ್ತೆ. ನಿಲ್ಲಿಸಿ ಹಾಕ್ರಿ, ಕಿವಿ ಮಟ್ಟ ಅದರ ನಡುವೆ ಬರ್ಲಿ, ಗೋಡೆಗೆ ಅಂಟಿಸದೆ ಹಿಂದೆ 3-4 ಇಂಚು ಗಾಳಿ ಬಿಡ್ರಿ, ಆ ಖಾಲಿ ಜಾಗಕ್ಕೆ ದುಡ್ಡಿಲ್ಲ ಆದ್ರೆ ಪ್ಯಾನೆಲ್ ಇನ್ನೂ ಕೆಳಗಿನ ಫ್ರೀಕ್ವೆನ್ಸಿ ತನಕ ಕೆಲಸ ಮಾಡುತ್ತೆ.

ಎಡಗಡೆ ಕಿಟಕಿ ಅಂದ್ರಲ್ಲಾ, ಅದು ಆ ಜಾಗದಲ್ಲೇ ಬರೋ ಹಂಗಿದ್ರೆ ಪರದೆ ಹಾಕಿ ಸುಮ್ನಾಗ್ಬೇಡಿ. ಬಲಗಡೆ 4 ಇಂಚಿನ ಪ್ಯಾನೆಲ್, ಎಡಗಡೆ ಗಾಜು ಮತ್ತು ಪರದೆ ಅಂದ್ರೆ ಹಾಡು ಎಡಕ್ಕೆ ವಾಲಿ ಕೇಳುತ್ತೆ, ನೀವು ಪ್ಯಾನ್ ಮಾಡಿ ಬಲಕ್ಕೆ ತಳ್ತೀರಿ. ಕಿಟಕಿ ಕಡೆ ಪ್ಯಾನೆಲ್ಲಿಗೆ ಕಾಲು ಹಾಕಿಸಿ ನೆಲದ ಮೇಲೆ ನಿಲ್ಲಂಗೆ ಮಾಡ್ರಿ, ಮಿಕ್ಸ್ ಮಾಡುವಾಗ ಎಳ್ಕೊಳ್ಳೋದು, ಮುಗಿದ್ಮೇಲೆ ಸರಿಸಿ ಕಿಟಕಿ ತೆಗೆಯೋದು. ಏಪ್ರಿಲ್ ತಿಂಗಳಲ್ಲಿ ಮೇಲಿನ ರೂಮಲ್ಲಿ ಕಿಟಕಿ ಮುಚ್ಚಿ ಕೂರೋಕೆ ಆಗಲ್ಲ ಅಂತ ನಂಗೂ ಗೊತ್ತು. ನೆಲದ ಮೇಲೆ ಎಲ್ಲಿಗೆ ಎಳೀಬೇಕು ಅಂತ ಟೇಪ್ ಗುರುತು ಹಾಕಿಟ್ಕೊಳ್ರಿ.

ಮೇಲುಗಡೆ ಸ್ಲ್ಯಾಬಿಗೂ ಒಂದು ಪ್ಯಾನೆಲ್ ಬೇಕು, ಅಡ್ಡಡ್ಡ ತೂಗುಹಾಕೋದು. ಇಲ್ಲಿ ಎಲ್ಲರಿಗೂ ಅಡ್ಡ ಬರೋದು ಫ್ಯಾನು. ಆದ್ರೆ ನಿಮ್ಮ ರೂಮಲ್ಲಿ ಲೆಕ್ಕ ಕೂಡಿ ಬಂದೈತೆ. ಫ್ಯಾನಿನ ಕೊಂಡಿ ನಡುಮಧ್ಯ ಅಂದ್ರೆ 6 ಅಡಿಗೆ ಇರುತ್ತೆ, 48 ಇಂಚಿನ ಫ್ಯಾನ್ ಆದ್ರೆ ರೆಕ್ಕೆ ಮುಂದಿನ ಗೋಡೆಯಿಂದ 4 ಅಡಿ ತನಕ ಬರುತ್ತೆ. ಮೇಲಿನಿಂದ ಬಡಿದು ಬರೋ ಜಾಗ ಸ್ಪೀಕರಿಗೂ ನಿಮಗೂ ನಡುವೆ, ಸುಮಾರು 2 ಅಡಿ 11 ಇಂಚಿಗೆ. ಪ್ಯಾನೆಲ್‌ನ 4 ಅಡಿ ಅಡ್ಡಕ್ಕೆ ಬರೋ ಹಂಗೆ ಹಾಕಿದ್ರೆ ಅದು 3 ಅಡಿ 11 ಇಂಚಿಗೇ ಮುಗಿಯುತ್ತೆ. ಇದು ಬರೀ ಕೂದಲೆಳೆ, ಅದಕ್ಕೇ ಒಂದೆರಡು ಇಂಚು ಮುಂದಕ್ಕೇ ತೂಗುಹಾಕ್ರಿ, ಜೊತೆಗೆ ಸ್ಲ್ಯಾಬಿಂದ 4 ಇಂಚು ಬಿಟ್ಟು ಹಾಕಿದ್ರೆ ಅದರ ತಳ 8 ಇಂಚಿಗೆ ಬಂತು, ಫ್ಯಾನಿನ ರೆಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತೆ. ಒಂದು ಸಲ ಅಳೆದು ನೋಡಿ. ಆರ್‌ಸಿಸಿಗೆ ಡ್ರಿಲ್ ಹೊಡೆದು ಆಂಕರ್ ಫಾಸ್ಟ್‌ನರ್ ನಾಲ್ಕು ಹಾಕಿ ತಂತಿಯಲ್ಲಿ ಕಟ್ಟಿ, ತಲೆ ಮೇಲಿರೋ ವಸ್ತು, ಗಮ್ಮು ಡಬಲ್ ಟೇಪು ನಂಬ್ಬೇಡಿ.

ಈಗ ಮೂಲೆ. ಎಲ್ಲಾ ಮೋಡೂ ಮೂಲೇಲಿ ಜೋರಾಗಿ ಇರುತ್ತೆ, ಅದಕ್ಕೇ ಹೀರೋ ವಸ್ತು ಅಲ್ಲಿಟ್ರೆ ಹೆಚ್ಚು ಕೆಲಸ. ಮುಂದಿನ ಎರಡು ಮೂಲೆಗೆ ಒಂದರ ಮೇಲೊಂದು ಎರಡೆರಡು ಪ್ಯಾನೆಲ್ ನಿಲ್ಲಿಸ್ರಿ, ಮೂಲೆಗೆ ಅಡ್ಡವಾಗಿ, ಹಿಂದೆ ತ್ರಿಕೋನದ ಖಾಲಿ ಉಳಿಯಂಗೆ. 8 ಅಡಿ ಮುಚ್ಚಿತು, ಮೇಲಿನ 2 ಅಡಿ ಬಿಟ್ರೂ ನಡೆಯುತ್ತೆ. ಹಿಂದಿನ ಮೂಲೆ ಎರಡೂ ನಿಮಗೆ ಇಲ್ಲ, ಒಂದು ಕಡೆ ಬಾಗಿಲು ಒಂದು ಕಡೆ ಬೀರು. ಪರವಾಗಿಲ್ಲ, ಮೂಲೆ ಅಂದ್ರೆ ಗೋಡೆಗೆ ಗೋಡೆ ಸೇರೋ ಜಾಗ ಮಾತ್ರ ಅಲ್ಲ, ಗೋಡೆಗೆ ಸ್ಲ್ಯಾಬ್ ಸೇರೋ ಜಾಗಾನೂ ಮೂಲೇನೇ. ಅಲ್ಲಿ ನಿಮ್ಮ ಸಜ್ಜಾ ಐತಲ್ಲಾ, 10 ಅಡಿ ಉದ್ದಕ್ಕೂ. ಅದರಲ್ಲಿ ಈಗ ಹಳೆ ಪಾತ್ರೆ, ರಟ್ಟಿನ ಡಬ್ಬ ಇರ್ಬೇಕು, ಅವನ್ನ ಇಳಿಸಿ ಮನೇಲಿರೋ ಹಳೆ ಗಾದಿ, ದಿಂಬು, ಕೌದಿ ಎಲ್ಲಾ ಸುರುಳಿ ಸುತ್ತಿ ಅಲ್ಲಿ ತುಂಬ್ರಿ, ಬಿಗಿಯಾಗಿ ಒತ್ಬೇಡಿ, ಸಡಿಲ ಇರ್ಲಿ, ಮುಂದೆ ಗೋಣಿ ಬಟ್ಟೆ ಪರದೆ ಬಿಡ್ರಿ. ಸಜ್ಜಾಕ್ಕೆ ಪ್ಲೈವುಡ್ ಬಾಗಿಲು ಇದ್ರೆ ಬಿಚ್ಚಿಡ್ಬೇಕು. ಮಲಗಿಸಿ ಇಡೋದ್ರಿಂದ ಅರಳೆ ಕುಸಿಯೋ ತಾಪತ್ರಯ ಇಲ್ಲ, ವೈರಿಂಗೂ ಅಲ್ಲಿ ಇಲ್ದಿದ್ರೆ ನಿಶ್ಚಿಂತೆ. ಎರಡು ಅಡಿ ಆಳದ, 10 ಅಡಿ ಉದ್ದದ ಟ್ರ್ಯಾಪ್ ನಿಮಗೆ ಹೆಚ್ಚುಕಮ್ಮಿ ಪುಕ್ಕಟೆ ಸಿಕ್ಕಂಗಾಯ್ತು. ಸಜ್ಜಾ ಕೆಳಗೆ, ಹಿಂದಿನ ಗೋಡೆ ನಡುವೆ ಎರಡು ಪ್ಯಾನೆಲ್. ಒಟ್ಟು ಒಂಬತ್ತು ಪ್ಯಾನೆಲ್ ಆಯ್ತು, ಸ್ಲ್ಯಾಬ್ ಹದಿನೆಂಟು. ಒಂದೇ ಸಲಕ್ಕೆ ಆಗ್ದಿದ್ರೆ ಪಕ್ಕದ ಎರಡು, ಸಜ್ಜಾ, ಮುಂದಿನ ಮೂಲೆ, ಆಮೇಲೆ ಮೇಲಿಂದು, ಹಿಂದಿಂದು ಅನ್ನೋ ಕ್ರಮದಲ್ಲಿ ಮಾಡ್ರಿ.

ಬೀರು ಬಗ್ಗೆ ಒಂದು ಮಾತು. ಕಬ್ಬಿಣದ ಬೀರು ಆದ್ರೆ ಯಾವುದೋ ಒಂದು ಬೇಸ್ ಸ್ವರಕ್ಕೆ ಅದರ ಬಾಗಿಲು ಝರ್ ಅನ್ನೋಕೆ ಶುರು ಮಾಡುತ್ತೆ, ಮಿಕ್ಸಲ್ಲಿ ಡಿಸ್ಟಾರ್ಷನ್ ಇದೆ ಅಂತ ಪ್ಲಗಿನ್ ಹುಡುಕ್ತಾ ಕೂತೋರನ್ನ ನೋಡಿದೀನಿ. ಕೀಬೋರ್ಡ್ ಪರೀಕ್ಷೆ ಮಾಡುವಾಗ ಒಬ್ಬರನ್ನ ಬೀರು ಬಾಗಿಲ ಮೇಲೆ ಕೈ ಇಟ್ಟು ನಿಲ್ಲಿಸ್ರಿ, ನಡುಗಿದ್ದು ಕೈಗೆ ಗೊತ್ತಾಗುತ್ತೆ. ಬಾಗಿಲ ಅಂಚಿಗೆ ಫೆಲ್ಟ್ ತುಂಡು, ಒಳಗೆ ಬಟ್ಟೆ ತುಂಬಿರ್ಲಿ. ಆಗ್ಲಿಲ್ಲ ಅಂದ್ರೆ ಬೀರೂ ಬೇರೆ ರೂಮಿಗೆ.

ಇಷ್ಟೆಲ್ಲಾ ಮಾಡಿದ್ರೂ 56ರ ಹತ್ರ ನಿಮ್ಮ ರೂಮು ಸುಮಾರಾಗೇ ಇರುತ್ತೆ. ಅಗಲಕ್ಕೂ ಹೈಟಿಗೂ ನಡುವೆ ಕೂರೋದು ತಪ್ಪಲ್ಲ, 4 ಇಂಚಿನ ಪ್ಯಾನೆಲ್ಲಿಗೆ 56 ಬಗ್ಗಲ್ಲ, ಅದಕ್ಕೆ ಬೇಕಾದ ಟ್ರ್ಯಾಪ್ ಕಟ್ಟಿದ್ರೆ ರೂಮಲ್ಲಿ ನೀವು ಕೂರೋಕೆ ಜಾಗ ಇರಲ್ಲ. ಆ ಹೊಂಡವನ್ನ ಈಕ್ಯೂ ಹಾಕಿ ಎತ್ತೋಕೆ ಹೋಗ್ಬೇಡಿ, ಸ್ಪೀಕರ್ ಎಷ್ಟು ಜೋರು ಕೊಟ್ರೂ ಅಷ್ಟೇ ಜೋರಾಗಿ ಅಳಿಸಿಕೊಳ್ಳುತ್ತೆ, ವೂಫರಿಗೆ ಮಾತ್ರ ದಂಡ. ಉಬ್ಬಿದ 94ನ್ನ ಈಕ್ಯೂನಲ್ಲಿ ಸ್ವಲ್ಪ ಇಳಿಸ್ಬಹುದು, ಹೊಂಡ ತುಂಬೋಕೆ ಆಗಲ್ಲ. 70ಕ್ಕಿಂತ ಕೆಳಗಿನ ತೀರ್ಮಾನ ಏನೇ ಇದ್ರೂ ಒಂದು ಒಳ್ಳೆ ಹೆಡ್‌ಫೋನಲ್ಲಿ ತಗೊಳ್ರಿ.

ಪಕ್ಕದ ಮನೆಗೆ ಸೌಂಡ್ ಹೋಗೋದು ಇದರಿಂದ ನಿಲ್ಲಲ್ಲ, ಅದು ಬೇರೆ ಕೆಲಸ, ಬೇರೆ ಖರ್ಚು.

ಕೊನೇದಾಗಿ, ಕಾರಲ್ಲಿ ಗುಂಯ್ ಅನ್ನೋ ಹಳೆ ಮಿಕ್ಸುಗಳನ್ನ ಸ್ಪೀಕರ್ ಜರುಗಿಸಿದ ದಿನವೇ ತೆಗೆದು ಸರಿ ಮಾಡೋಕೆ ಕೂರ್ಬೇಡಿ. ನಿಮಗೆ ಚೆನ್ನಾಗಿ ಗೊತ್ತಿರೋ, ಬೇರೆ ಕಡೆ ಚೆನ್ನಾಗಿ ಕೇಳೋ ನಾಲ್ಕೈದು ಡೊಳ್ಳು ಇರೋ ಹಾಡುಗಳನ್ನ ಒಂದು ವಾರ ಆ ಕುರ್ಚೀಲೇ ಕೂತು ಕೇಳ್ರಿ, ಎಲ್ಲಾ ಒಂದೇ ವಾಲ್ಯೂಮಲ್ಲಿ. ಆಮೇಲೆ ನಿಮ್ಮ ಹಳೆ ಮಿಕ್ಸ್ ತೆಗೆದು ಬೇಸ್ ಟ್ರ್ಯಾಕಿನ ಈಕ್ಯೂ ಬೈಪಾಸ್ ಮಾಡಿ ನೋಡ್ರಿ, 80-100ರ ಹತ್ರ ನೀವು ಎತ್ತಿರೋ ಗುಡ್ಡ ಕಣ್ಣಿಗೂ ಕಾಣುತ್ತೆ, ಈಗ ಕಿವಿಗೂ ಕೇಳುತ್ತೆ. ಜರುಗಿಸಿದ್ಮೇಲೆ ಕೀಬೋರ್ಡ್ ಪರೀಕ್ಷೆಯ ಮೊದಲ ಎರಡು ಪಟ್ಟಿ ಕಳಿಸ್ರಿ, ಕಿಟಕಿ ಎಷ್ಟು ಅಡಿಯಿಂದ ಶುರುವಾಗುತ್ತೆ ಅನ್ನೋದೂ ಬರೀರಿ, ಎಡಗಡೆ ಪ್ಯಾನೆಲ್ ಬಗ್ಗೆ ಇನ್ನೂ ಖಚಿತವಾಗಿ ಹೇಳ್ಬಹುದು.